ಎಂಟಾಣೆಯ ಲೆಕ್ಕ: ಟಿವಿ ಗೇಮ್‌ಗೆ ದುಡ್ಡು ಕೂಡಿಡುವ ಹುಡುಗನ ಕಥೆ ಬರೆಯುವ ಬಗೆ

ಸಣ್ಣ ಊರಿನ ಹುಡುಗನೊಬ್ಬ ಕೈಖರ್ಚಿನ ದುಡ್ಡು ಉಳಿಸಿ ಮೊದಲ ವಿಡಿಯೋ ಗೇಮ್ ಕೊಳ್ಳುವ ಕಥೆ ಬರೆಯಲು ಕೂತವರು ಸಾಮಾನ್ಯವಾಗಿ ಹುಡುಗನ ಆಸೆಯಿಂದ ಶುರುಮಾಡುತ್ತಾರೆ. ಅಂಗಡಿಯ ಗಾಜಿನ ಹಿಂದೆ ಡಬ್ಬಿ, ಹೊರಗೆ ಮೂಗು ಒತ್ತಿ ನಿಂತ ಹುಡುಗ. ಎರಡು ಪುಟ ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಕಥೆ ನಿಂತುಬಿಡುತ್ತದೆ. ಹುಡುಗನ ಆಸೆ ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ ಇರುತ್ತದೆ. ಏರುವುದು, ಇಳಿಯುವುದು, ಸೋರುವುದು ದುಡ್ಡು. ಅದಕ್ಕೇ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ಜಮಾ-ಖರ್ಚು ಬರೆಯುತ್ತೇವೆ, ಕಥೆ ಆಮೇಲೆ. ಸುಮಾರು 1,800 ಪದಗಳ ಒಂದು ಕಥೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಕಟ್ಟೋಣ.

ಮೊದಲ ಹೆಜ್ಜೆ: ಊರು, ವರ್ಷ, ಯಂತ್ರ

ಈ ಮೂರನ್ನೂ ಒಟ್ಟಿಗೇ ಗೊತ್ತುಮಾಡಿಕೊಳ್ಳಬೇಕು. "ಒಂದಾನೊಂದು ಸಣ್ಣ ಊರು" ಎಂದರೆ ಹುಡುಗನಿಗೆ ಸಂಪಾದನೆಯ ದಾರಿಯೇ ಸಿಗುವುದಿಲ್ಲ. ನಾವು ತಿಪಟೂರನ್ನು ಆರಿಸಿಕೊಳ್ಳೋಣ. ಕೊಬ್ಬರಿ ಮಾರುಕಟ್ಟೆಯ ಊರು; ಅಲ್ಲಿ ಹುಡುಗರ ಕೈಗೆ ದುಡ್ಡಾಗಬಲ್ಲ ಒಂದು ವಸ್ತು ಇದೆ, ಕರಟ. ವರ್ಷ 1997ರ ಜೂನ್‌ನಿಂದ 1998ರ ಜೂನ್‌ವರೆಗೆ. ಹುಡುಗ ಮಂಜ, ಏಳನೇ ಕ್ಲಾಸು. ಅಪ್ಪ ಮಂಡಿಯಲ್ಲಿ ಗುಮಾಸ್ತ. ಊರಾಚೆ ತಾತನ ಕಾಲದ ಒಂದಿಷ್ಟು ತೆಂಗಿನ ಮರ. ಮನೆಯಲ್ಲಿ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಟಿವಿ.

ಯಂತ್ರದ ವಿಷಯಕ್ಕೆ ಬರೋಣ. ಆ ವರ್ಷಗಳಲ್ಲಿ ಸಣ್ಣ ಊರಿನ ಹುಡುಗನ ಕೈಗೆಟುಕುತ್ತಿದ್ದುದು ಪ್ಲೇಸ್ಟೇಷನ್ ಅಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲುಗಳು ಸಿಗುತ್ತಿದ್ದವು. ಎರಡು ಜಾಯ್‌ಸ್ಟಿಕ್, ಒಂದು ಗನ್, ಒಂದು ಅಡಾಪ್ಟರ್, ಮೇಲಿನಿಂದ ಒತ್ತಿ ಕೂರಿಸುವ ಕ್ಯಾಸೆಟ್. ಹುಡುಗರು ಅದನ್ನು "ಟಿವಿ ಗೇಮ್" ಎನ್ನುತ್ತಿದ್ದರು, ಕಥೆಯಲ್ಲೂ ಹಾಗೇ ಇರಲಿ. ಅಂದರೆ ಮಂಜ ಆಸೆಪಡುತ್ತಿರುವುದು ಅವನಿಗಿಂತ ವಯಸ್ಸಾದ ಯಂತ್ರಕ್ಕೆ. ಇದನ್ನು ಕಥೆಯಲ್ಲಿ ಬಾಯಿಬಿಟ್ಟು ಹೇಳಬೇಡಿ, ಅವನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಆದರೆ ಬರೆಯುವವರಿಗೆ ಗೊತ್ತಿರಬೇಕು, ಏಕೆಂದರೆ ಈ ನಕಲು ಯಂತ್ರದ ಮಿತಿಗಳಿಂದಲೇ ಕಥೆಯ ಕೊನೆಯ ಭಾಗ ಹುಟ್ಟುತ್ತದೆ.

ತಿಪಟೂರು ಕೊಡುವ ಇನ್ನೊಂದು ಅನುಕೂಲ ಕಾಲದ ಅಳತೆ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಉಂಡೆ ಒಳಗೆ ಗಡಗಡ ಎನ್ನುತ್ತದೆ. ಆಮೇಲೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪನ್ನು ಮಾತ್ರ ಒಡೆಯುತ್ತಾರೆ. ಜೂನ್‌ನಲ್ಲಿ ಅಟ್ಟ ಹತ್ತಿದ ಕಾಯಿ ಏಪ್ರಿಲ್‌ನಲ್ಲಿ ಇಳಿಯುತ್ತದೆ ಎಂದುಕೊಳ್ಳಿ. "ತಿಂಗಳುಗಳು ಉರುಳಿದವು" ಎಂಬ ಸವಕಲು ವಾಕ್ಯದ ಅಗತ್ಯವೇ ಬೀಳುವುದಿಲ್ಲ. ಮಂಜ ನಡುನಡುವೆ ಅಟ್ಟ ಹತ್ತಿ ಒಂದು ಕಾಯಿ ಅಲ್ಲಾಡಿಸಿ ನೋಡಿದರೆ ಸಾಕು. ಮೊದಲ ಸಲ ನೀರಿನ ಸದ್ದು, ಮುಂದಿನ ಸಲ ಸದ್ದೇ ಇಲ್ಲ, ಕೊನೆಗೆ ಗಡಗಡ.

ಎರಡನೇ ಹೆಜ್ಜೆ: ಜಮಾ-ಖರ್ಚು

ಕಥೆಯ ಒಂದು ಸಾಲನ್ನೂ ಬರೆಯುವ ಮೊದಲು ಒಂದು ಹಾಳೆಯಲ್ಲಿ ಹುಡುಗನ ವರ್ಷದ ಲೆಕ್ಕ ಬರೆದುಕೊಳ್ಳಿ. ಕೆಳಗಿನ ದರಗಳು ಈ ಕಥೆಗೆಂದು ಇಟ್ಟುಕೊಂಡವು. ನಿಮ್ಮ ಊರಿನದು ಬೇಕಿದ್ದರೆ ಆಗ ಹುಡುಗರಾಗಿದ್ದ, ಈಗ ನಲವತ್ತರ ಆಸುಪಾಸಿನ ಮೂರ್ನಾಲ್ಕು ಜನರನ್ನು ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬ ಹೇಳಿದ ಬೆಲೆಗೇ ಉಳಿದವರೂ ಹೂಂಗುಟ್ಟುತ್ತಾರೆ.

ಟಿವಿ ಗೇಮ್‌ನ ಬೆಲೆ 650 ರೂಪಾಯಿ. ಮಂಜನಿಗೆ ಶಾಲೆಯಿರುವ ದಿನ ಎಂಟಾಣೆ ಸಿಗುತ್ತದೆ, ವಾರಕ್ಕೆ ಆರು ದಿನ, ಮೂರು ರೂಪಾಯಿ. ಅದರಲ್ಲಿ ಒಂದು ರೂಪಾಯಿ ತಿಂದರೂ ಎರಡು ರೂಪಾಯಿ ಉಳಿಯುತ್ತದೆ. ರಜೆ ಕಳೆದು ನಲವತ್ತು ವಾರ ಹಿಡಿದರೆ 80 ರೂಪಾಯಿ. ಹಬ್ಬಕ್ಕೆ ಬಂದ ನೆಂಟರು ಹೊರಡುವಾಗ ಕೈಗಿಡುವ ದುಡ್ಡು: ಗಣೇಶನ ಹಬ್ಬಕ್ಕೆ 10, ದಸರೆಗೆ 20, ದೀಪಾವಳಿಗೆ 20, ಸೋದರಮಾವನ ಮದುವೆಯಲ್ಲಿ 51, ಯುಗಾದಿಗೆ 20. ಒಟ್ಟು 121. ಪರೀಕ್ಷೆ ಮುಗಿದ ಮೇಲೆ ಹಳೆಯ ನೋಟ್‌ಬುಕ್ಕು, ಪೇಪರು ಸೇರಿ 12 ಕಿಲೋ ರದ್ದಿ, ಕಿಲೋಗೆ 3 ರೂಪಾಯಿಯಂತೆ 36. ಏಪ್ರಿಲ್‌ನಲ್ಲಿ ಕಾಯಿ ಒಡೆದಾಗ ಎಂಟು ಚೀಲ ಕರಟ, ಚೀಲಕ್ಕೆ 15ರಂತೆ 120.

ಕೂಡಿದರೆ 357. ಇನ್ನು ಖರ್ಚು. ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆಗೆ ಆಡಿಸುವ ಗೇಮ್ ಅಂಗಡಿ ಇದೆ, ಅರ್ಧ ಗಂಟೆಗೆ 3 ರೂಪಾಯಿ. ತಡೆದುಕೊಳ್ಳಲಾಗದೆ ವರ್ಷದಲ್ಲಿ ಹತ್ತು ಸಲ ಹೋಗಿದ್ದಾನೆ, 30 ರೂಪಾಯಿ. ಉಳಿದದ್ದು 327.

ಹಾಳೆಯನ್ನೊಮ್ಮೆ ನೋಡಿ. ವರ್ಷವಿಡೀ ಹಲ್ಲುಕಚ್ಚಿ ಉಳಿಸಿದರೂ ಬೆಲೆಯ ಅರ್ಧಕ್ಕೆ ಎರಡು ರೂಪಾಯಿ ಮಾತ್ರ ಮೇಲೆ. ಇಲ್ಲಿ ಹೆದರಿ ಬೆಲೆ ಇಳಿಸುವುದೋ ಕೈಖರ್ಚು ಏರಿಸುವುದೋ ಮಾಡಬೇಡಿ. ಲೆಕ್ಕ ಸರಿಹೋದರೆ ಹುಡುಗ ವರ್ಷ ಕಾದ, ಕೊಂಡ, ಮುಗಿಯಿತು. ಈ ಕೊರತೆಯೇ ಕಥೆ.

ಮೂರನೇ ಹೆಜ್ಜೆ: ಕೊರತೆಯನ್ನು ಯಾರು ತುಂಬುತ್ತಾರೆ

ಹತ್ತರಲ್ಲಿ ಎಂಟು ಕಥೆಗಳು ಕೆಡುವುದು ಇಲ್ಲಿ. ಹುಟ್ಟುಹಬ್ಬದ ಬೆಳಿಗ್ಗೆ ಅಪ್ಪ ಸದ್ದಿಲ್ಲದೆ ಡಬ್ಬಿ ತಂದು ತಲೆದಿಂಬಿನ ಪಕ್ಕ ಇಟ್ಟಿರುತ್ತಾನೆ. ಇಲ್ಲವೇ ಅಜ್ಜಿಗೆ ಹುಷಾರಿಲ್ಲದಾಗಿ ಹುಡುಗ ಹುಂಡಿ ಒಡೆದು ಔಷಧಿ ತರುತ್ತಾನೆ. ಎರಡರಲ್ಲೂ ಇರುವ ದೋಷ ಒಂದೇ. ಹನ್ನೊಂದು ತಿಂಗಳು ಹುಡುಗನ ಕೈಯಲ್ಲಿದ್ದ ಲೆಕ್ಕವನ್ನು ಕೊನೆಯ ಪುಟದಲ್ಲಿ ಕಿತ್ತುಕೊಂಡು ದೊಡ್ಡವರಿಗೆ, ಇಲ್ಲವೇ ವಿಧಿಗೆ, ಒಪ್ಪಿಸಿದಂತಾಗುತ್ತದೆ.

ಅರ್ಧ ದುಡ್ಡಿರುವವನು ಸಹಜವಾಗಿ ಮಾಡುವ ಕೆಲಸ ಇನ್ನರ್ಧ ಇರುವವನನ್ನು ಹುಡುಕುವುದು. ಪಾಲು. ಮಂಜನ ಕ್ಲಾಸಿನ ಗಿರೀಶ, ಅವರಪ್ಪನದು ಬಟ್ಟೆ ಅಂಗಡಿ, ಮನೆಯಲ್ಲಿ ಕಲರ್ ಟಿವಿ. ಮಂಜ ಹೋಗಿ ಕೇಳುತ್ತಾನೆ. ಗಿರೀಶ ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಹೇಳುತ್ತಾನೆ, ಬೆಳಿಗ್ಗೆ 325 ರೂಪಾಯಿ ತಂದುಬಿಡುತ್ತಾನೆ. ಮಂಜನದು ವರ್ಷದ ದುಡ್ಡು, ಗಿರೀಶನದು ಒಂದು ರಾತ್ರಿಯದು, ಮೊತ್ತ ಒಂದೇ.

ಇದನ್ನು ಎಲ್ಲೂ ವಿವರಿಸಬೇಡಿ. ಗಿರೀಶನನ್ನು ಸೊಕ್ಕಿನವನಾಗಿ ಮಾಡಬೇಡಿ, ಒಳ್ಳೆಯ ಹುಡುಗನೇ ಆಗಿರಲಿ. ಮೂರು ನೂರರ ನೋಟು, ಒಂದು ಇಪ್ಪತ್ತರದು, ಒಂದು ಐದರದು, ಅಂಗಿ ಜೇಬಿನಿಂದ ಮಡಚಿದ್ದನ್ನು ತೆಗೆದು ಕೊಡುತ್ತಾನೆ. ಅಷ್ಟು ತೋರಿಸಿದರೆ ಓದುಗರಿಗೆ ಬೇಕಾದ್ದು ಸಿಕ್ಕಿತು.

ನಾಲ್ಕನೇ ಹೆಜ್ಜೆ: ಒಂದು ನಾಣ್ಯವನ್ನು ಹತ್ತಿರದಿಂದ

ದುಡ್ಡಿನ ಕಥೆಯಲ್ಲಿ ಒಂದಾದರೂ ದೃಶ್ಯದಲ್ಲಿ ನಾಣ್ಯ ಕಣ್ಣಿಗೆ, ಕಿವಿಗೆ, ಕೈಗೆ ಸಿಗಬೇಕು. ಮಂಜನ ವಾರದ ಉಳಿತಾಯ ಎಂದರೆ ನಾಲ್ಕು ಎಂಟಾಣೆ. ಆಗ ಚಿಲ್ಲರೆಗೆ ಬರ. ಎಂಟಾಣೆ ಹಿಂದಕ್ಕೆ ಕೊಡಬೇಕಾದಾಗ ಅಂಗಡಿಯವರು ಒಂದು ಚಾಕ್ಲೇಟ್ ಕೈಗಿಟ್ಟು ಕಳಿಸುತ್ತಿದ್ದರು. ಬೇರೆ ಹುಡುಗರಿಗೆ ಅದು ಲಾಭ. ಮಂಜನಿಗೆ ವಾರದ ಕಾಲು ಭಾಗ ನಷ್ಟ. ಕಥೆಯನ್ನು ಇಲ್ಲಿಂದಲೇ ತೆಗೆಯಬಹುದು:

> ಶೆಟ್ಟರು ಬರಣಿಗೆ ಕೈ ಹಾಕುವುದು ಕಂಡದ್ದೇ ಮಂಜ ಕೈ ಹಿಂದಕ್ಕೆ ಕಟ್ಟಿಕೊಂಡ.
> "ತಗೊಳ್ಳೋ."
> "ಬ್ಯಾಡ ಶೆಟ್ರೇ. ಎಂಟಾಣೆ ಕೊಡಿ."
> "ಚಿಲ್ಲರೆ ಇಲ್ಲ ಕಣಪ್ಪ. ಚಾಕ್ಲೇಟ್ ಆಗಲ್ವಾ?"
> "ನಿಂತಿರ್ತೀನಿ. ಯಾರಾದ್ರೂ ಕೊಡೋವರ್ಗೂ."
> ಎರಡು ಗಿರಾಕಿ ಬಂದು ಹೋದರು. ಮೂರನೆಯವಳು ಕರಿಬೇವಿಗೆ ಎಂಟಾಣೆ ಹಾಕಿದಳು. ಶೆಟ್ಟರು ಅದನ್ನು ಗಲ್ಲಾಪೆಟ್ಟಿಗೆಗೆ ಹಾಕದೆ ಹಾಗೇ ಅವನತ್ತ ಸರಿಸಿದರು.

ಇದರಲ್ಲಿ ಟಿವಿ ಗೇಮ್ ಎಂಬ ಮಾತೇ ಬಂದಿಲ್ಲ. ಹುಡುಗನಿಗೆ ಎಂಟಾಣೆ ಯಾಕೆ ಬೇಕು ಎಂಬ ಕುತೂಹಲ ಓದುಗರಲ್ಲಿ ಹುಟ್ಟಿದ ಮೇಲೆ ಎರಡನೇ ದೃಶ್ಯದಲ್ಲಿ ಗೇಮ್ ಅಂಗಡಿ ತೋರಿಸಿ. ಸಂಭಾಷಣೆಯಲ್ಲಿ "ಐವತ್ತು ಪೈಸೆ" ಎಂದು ಬರೆದರೆ ಬ್ಯಾಂಕಿನಲ್ಲಿ ಮಾತಾಡಿದಂತಿರುತ್ತದೆ, ಬಾಯಲ್ಲಿದ್ದದ್ದು ಎಂಟಾಣೆ, ನಾಲ್ಕಾಣೆ. ಮಂಜ ಅಂಗಡಿಯವರಿಗೆ "ಶೆಟ್ರೇ, ಕೊಡಿ" ಎನ್ನುತ್ತಾನೆ, ಗಿರೀಶನ ಅಪ್ಪನಿಗೆ "ಅಂಕಲ್" ಎನ್ನುತ್ತಾನೆ. ಈ ವ್ಯತ್ಯಾಸವೂ ಆ ಮನೆಯ ಬಗ್ಗೆ ಸ್ವಲ್ಪ ಹೇಳುತ್ತದೆ.

ಮಣ್ಣಿನ ಹುಂಡಿ ಇಡುವುದಾದರೆ ಅದರ ಸ್ವಭಾವ ತಿಳಿದಿರಲಿ. ಒಡೆಯದೆ ಎಣಿಸಲಾಗುವುದಿಲ್ಲ, ಹಾಗಾಗಿ ಮಂಜ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಬರೆದಿಡುತ್ತಾನೆ. ಆ ಹಾಳೆ ಕಥೆಗೆ ಕೊನೆಯವರೆಗೂ ಬೇಕಾಗುತ್ತದೆ. ಒಡೆಯದೆ ದುಡ್ಡು ತೆಗೆಯುವ ದಾರಿಯೂ ಉಂಟು. ಹುಂಡಿ ಬೋರಲು ಹಾಕಿ ಸೀಳಿನೊಳಗೆ ಚಪ್ಪಟೆ ಚಾಕು ತೂರಿಸಿದರೆ ನಾಣ್ಯ ಅದರ ಮೇಲೆ ಜಾರಿ ಹೊರಬರುತ್ತದೆ. ಆದರೆ ಕಳ್ಳತನದ ಉಪಕಥೆ ಈ ಉದ್ದದ ಕಥೆಗೆ ಹೊರೆ. ಗೇಮ್ ಅಂಗಡಿಯ ಮೂವತ್ತು ರೂಪಾಯಿಯನ್ನು ಮಂಜ ಹುಂಡಿಗೆ ಹಾಕುವ ಮುನ್ನವೇ ಕಳೆದುಕೊಂಡಿದ್ದಾನೆ ಎಂದಿಡಿ.

ಆಗ ಹುಂಡಿಯಲ್ಲಿ ಎಂಟಾಣೆಯ ರೂಪದಲ್ಲಿ ಉಳಿಯುವುದು 50 ರೂಪಾಯಿ, ಅಂದರೆ ನೂರು ನಾಣ್ಯ. ಆ ಕಾಲದ ಉಕ್ಕಿನ ಎಂಟಾಣೆ ಒಂದಕ್ಕೆ ಸುಮಾರು 3.8 ಗ್ರಾಂ, ನೂರಕ್ಕೆ 380 ಗ್ರಾಂ, ಮಗುವಿನ ಅಂಗಿ ಜೇಬು ಜಗ್ಗುವಷ್ಟು. ಹತ್ತು ರೂಪಾಯಿಗೆ ಇಪ್ಪತ್ತು ನಾಣ್ಯದ ಒಂದು ಕಂಬ, ಐದು ಕಂಬ. ಶೆಟ್ಟರ ಅಂಗಡಿಯ ಹಲಗೆಯ ಮೇಲೆ ಈ ಐದು ಕಂಬ ನಿಲ್ಲಿಸಿ ನೋಟಿಗೆ ಬದಲಾಯಿಸುವ ದೃಶ್ಯ ಬರೆಯಿರಿ. ಮೊದಲ ದೃಶ್ಯದಲ್ಲಿ ಚಿಲ್ಲರೆ ಇಲ್ಲವೆಂದಿದ್ದ ಶೆಟ್ಟರು ಈಗ ಖುಷಿಯಿಂದ ಎಣಿಸುತ್ತಾರೆ. ಅವರಿಗೆ ಅದು ಬೇಕೇ ಬೇಕಾದ ಸಾಮಾನು.

ಐದನೇ ಹೆಜ್ಜೆ: ಕರಟದ ಮೇಲೆ ಅಮ್ಮನ ಹಕ್ಕು

ಕರಟವನ್ನು ಹುಡುಗ ಸುಮ್ಮನೆ ಮಾರುವಂತಿಲ್ಲ. ಬಚ್ಚಲ ಒಲೆಗೆ ಅದೇ ಉರುವಲು, ಮಳೆಗಾಲದಲ್ಲಿ ಸೌದೆ ನೆಂದಾಗ ನೀರು ಕಾಯಿಸುವುದು ಅದರಿಂದಲೇ. ಹನ್ನೆರಡು ಚೀಲ ಬಂದರೆ ಅಮ್ಮ ನಾಲ್ಕು ಎತ್ತಿಟ್ಟುಕೊಂಡು ಎಂಟು ಬಿಡುತ್ತಾಳೆ. ಈ ಚೌಕಾಸಿಯನ್ನು ಆರೇಳು ಸಾಲಿನಲ್ಲಿ ಮುಗಿಸಿ, ಆದರೆ ಬಿಡಬೇಡಿ. ಎತ್ತಿಟ್ಟ ನಾಲ್ಕು ಚೀಲ ಮುಂದೆ ಮತ್ತೆ ಬರುತ್ತದೆ.

ಆರನೇ ಹೆಜ್ಜೆ: ಯಂತ್ರ ಮನೆಗೆ ಬಂದಾಗ

ಬಹಳ ಕಥೆಗಳು ಡಬ್ಬಿ ಬಿಚ್ಚಿದಲ್ಲಿಗೆ ಮುಗಿಯುತ್ತವೆ. ನಿಜವಾದ ಕಥೆ ಅಲ್ಲಿ ಅರ್ಧಕ್ಕೆ ಬಂದಿರುತ್ತದೆ. ಡಬ್ಬಿ ಬಂದದ್ದು ಮೇ ತಿಂಗಳಲ್ಲಿ. ಒಪ್ಪಂದದ ಪ್ರಕಾರ ಒಂದು ವಾರ ಮಂಜನ ಮನೆ, ಒಂದು ವಾರ ಗಿರೀಶನ ಮನೆ. ಮೊದಲ ಸರದಿ ಮಂಜನದು, ಯೋಚನೆ ಅವನದೇ ತಾನೆ.

ಈಗ ಟಿವಿಯ ಹಿಂಭಾಗಕ್ಕೆ ಬನ್ನಿ. ಹಳೆಯ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟಿನಲ್ಲಿ ಹಳದಿ-ಕೆಂಪು ತೂತುಗಳಿರುತ್ತಿರಲಿಲ್ಲ. ಆಂಟೆನಾದಿಂದ ಇಳಿದ ಚಪ್ಪಟೆ ವೈರಿನ ಎರಡು ಎಳೆಗಳನ್ನು ಎರಡು ಸ್ಕ್ರೂಗಳಿಗೆ ಸುತ್ತಿರುತ್ತಿದ್ದರು. ಗೇಮ್‌ನಿಂದ ಬರುವುದು ದುಂಡನೆಯ ವೈರು, ತುದಿಯಲ್ಲಿ ಪಿನ್. ಚಪ್ಪಟೆ ವೈರು 300 ಓಮ್‌ನದು, ದುಂಡನೆಯದು 75 ಓಮ್‌ನದು. ಎರಡನ್ನೂ ಹೊಂದಿಸಲು ನಡುವೆ ಬೆರಳುದ್ದದ ಒಂದು ಜೋಡಣೆ ಬೇಕು, ಒಂದು ಕಡೆ ಪಿನ್ ತೂರಿಸುವ ತೂತು, ಇನ್ನೊಂದು ಕಡೆ ಸ್ಕ್ರೂಗೆ ಕಟ್ಟುವ ಎರಡು ಎಳೆ. ನಮ್ಮ ಡಬ್ಬಿಯಲ್ಲಿ ಅದಿಲ್ಲ. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, 10 ರೂಪಾಯಿ ಎಂದಿಡಿ.

ಮಂಜನ ಬಳಿ ಉಳಿದಿರುವುದು ಎಷ್ಟು? 327ರಲ್ಲಿ 325 ಹೋಗಿ ಎರಡು ರೂಪಾಯಿ.

ಇನ್ನೂ ಎಂಟು ರೂಪಾಯಿ ಬೇಕು. ರಜೆಯಲ್ಲಿ ಶಾಲೆಯ ಎಂಟಾಣೆ ಇಲ್ಲ. ಜೂನ್‌ನಲ್ಲಿ ಶಾಲೆ ತೆರೆದು ವಾರಕ್ಕೆ ಎರಡರಂತೆ ಉಳಿಸಿದರೆ ನಾಲ್ಕು ವಾರ. ಅಲ್ಲಿಯವರೆಗೆ, ಬೇಸಿಗೆ ರಜೆ ಪೂರ್ತಿ, ಯಂತ್ರ ಗಿರೀಶನ ಕಲರ್ ಟಿವಿ ಮುಂದೆ. ಯಾರ ಕೆಟ್ಟತನವೂ ಇಲ್ಲದೆ ಇಷ್ಟು ದೊಡ್ಡ ಪೆಟ್ಟು ಬರಿ ಲೆಕ್ಕದಿಂದ ಬಿತ್ತು. ಎರಡನೇ ಹೆಜ್ಜೆಯಲ್ಲಿ ಹಾಳೆಯ ಮೇಲೆ ಅಷ್ಟು ಹೊತ್ತು ಕೂತದ್ದು ಇದಕ್ಕಾಗಿ.

ಬಲ್ಲ ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ವೈರಿನ ಪಿನ್ ಕತ್ತರಿಸಿ, ನಡುವಿನ ಎಳೆಯನ್ನು ಒಂದು ಸ್ಕ್ರೂಗೆ, ಸುತ್ತಲಿನ ಜಾಲರಿಯನ್ನು ಇನ್ನೊಂದಕ್ಕೆ ಸುತ್ತಿದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು, ಚಿತ್ರದಲ್ಲಿ ಸ್ವಲ್ಪ ಚುಕ್ಕೆ ಬಂದರೂ ಆಡಬಹುದಿತ್ತು. ಆದ್ದರಿಂದ ಆ ಉಪಾಯವನ್ನು ಕಥೆಯೊಳಗೇ ರಿಪೇರಿಯವನ ಬಾಯಲ್ಲಿ ಹೇಳಿಸಿ:

> "ಹತ್ತು ರೂಪಾಯಿ ಯಾಕೋ ದಂಡ? ಆ ತುದಿ ಕಟ್ ಮಾಡಿ ಎರಡೂ ಎಳೆ ಸ್ಕ್ರೂಗೆ ಸುತ್ಬಿಡು."
> ಮಂಜ ವೈರನ್ನು ಕೈಗೆ ಸುತ್ತಿಕೊಂಡ. "ಅರ್ಧ ಗಿರೀಶಂದು ಅಣ್ಣ."

ಪಾಲಿನ ವಸ್ತು ಎಂದರೇನು ಎಂಬುದನ್ನು ಈ ಒಂದು ಸಾಲು ಹೇಳಿಬಿಡುತ್ತದೆ. ಪಿನ್ ಕತ್ತರಿಸಿದರೆ ಗಿರೀಶನ ಟಿವಿಗೆ ವೈರು ಹೋಗುವುದಿಲ್ಲ.

ಇನ್ನೊಂದು ದಾರಿ ಅಮ್ಮನ ನಾಲ್ಕು ಚೀಲ ಕರಟ. ಒಂದು ಚೀಲ ಮಾರಿದರೆ 15 ರೂಪಾಯಿ, ಕೆಲಸ ಆಗಿಹೋಯಿತು. ಮಂಜ ಕೇಳುತ್ತಾನೋ ಇಲ್ಲವೋ? ಕೇಳಿಸಬೇಡಿ. ಅವನು ಚೀಲಗಳ ಮುಂದೆ ನಿಂತು ಎಣಿಸಿ ವಾಪಸು ಬರಲಿ. ಅಮ್ಮ ನೋಡಿದಳು, ಮರುಗಿದಳು ಎಂದೆಲ್ಲ ಸೇರಿಸಿದರೆ ಮೂರನೇ ಹೆಜ್ಜೆಯಲ್ಲಿ ಹೊರಗೆ ಹಾಕಿದ ಅಪ್ಪ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತೆ.

ಏಳನೇ ಹೆಜ್ಜೆ: ಚಿತ್ರ ಮೂಡುವುದು

ಜೂನ್ ಕೊನೆಯ ವಾರ ಜೋಡಣೆ ಕೊಂಡಾಯಿತು. ಟ್ಯೂನ್ ಮಾಡುವ ದೃಶ್ಯಕ್ಕೆ 250 ಪದ ಕೊಡಿ, ಇಡೀ ಕಥೆಯಲ್ಲಿ ಕೈಕೆಲಸ ತೋರಿಸಲು ಇಷ್ಟು ಒಳ್ಳೆಯ ಜಾಗ ಇನ್ನಿಲ್ಲ. ಆಂಟೆನಾ ವೈರು ಬಿಚ್ಚಿ ಜೋಡಣೆ ಕಟ್ಟಬೇಕು, ಅಂದರೆ ಆಡುವಷ್ಟು ಹೊತ್ತು ದೂರದರ್ಶನ ಇಲ್ಲ. ಭಾನುವಾರದ ಕನ್ನಡ ಸಿನಿಮಾಕ್ಕೆ ಮೊದಲು ಮತ್ತೆ ಕಟ್ಟಿಕೊಡಬೇಕು ಎಂಬ ಕರಾರು ಮನೆಯವರದು. ಗುಂಡಿ ಒತ್ತುವ ಸೆಟ್ಟುಗಳಲ್ಲಿ ಮುಂದೆ ಒಂದು ಪುಟ್ಟ ಮುಚ್ಚಳ, ಅದರೊಳಗೆ ಪ್ರತಿ ಗುಂಡಿಗೂ ಒಂದು ಬ್ಯಾಂಡ್ ಸ್ವಿಚ್ ಮತ್ತು ಒಂದು ಹಲ್ಲುಚಕ್ರ. ದೂರದರ್ಶನ ಹಿಡಿದಿಟ್ಟ ಗುಂಡಿಯನ್ನು ಮುಟ್ಟದೆ ಕೊನೆಯ ಗುಂಡಿಯಲ್ಲಿ ಹುಡುಕಬೇಕು. ಚಕ್ರವನ್ನು ಉಗುರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಬಿಳಿ ಚುಕ್ಕೆಗಳ ಗದ್ದಲದ ನಡುವೆ ಮೊದಲು ಸದ್ದು ಬದಲಾಗುತ್ತದೆ, ಆಮೇಲೆ ಓರೆ ಗೆರೆಗಳು, ಆಮೇಲೆ ಚಿತ್ರ. ಚಿತ್ರ ಮೇಲಿಂದ ಕೆಳಗೆ ಉರುಳುತ್ತಿದ್ದರೆ ಹಿಂದಿರುವ ವಿ-ಹೋಲ್ಡ್ ತಿರುಪನ್ನು ಹೊಂದಿಸಬೇಕು. ದಾಟಿ ಹೋದರೆ ಹಿಂದಕ್ಕೆ ಬರಬೇಕು, ಆತುರಗಾರ ಮೂರು ಸಲ ದಾಟುತ್ತಾನೆ. ಮಂಜ ಆತುರಗಾರನಲ್ಲ.

ಬಣ್ಣವಿಲ್ಲದ್ದು ಎಲ್ಲಿ ತೊಂದರೆ ಕೊಡುತ್ತದೆ, ಎಲ್ಲಿ ಕೊಡುವುದಿಲ್ಲ ಎಂಬುದೂ ತಿಳಿದಿರಲಿ. ಓಡುವ, ಹಾರುವ, ಗುಂಡು ಹಾರಿಸುವ ಆಟಗಳು ಬೂದುಬಣ್ಣದಲ್ಲೂ ನಡೆಯುತ್ತವೆ. ಒಂದೇ ಬಣ್ಣದ ಮಾತ್ರೆಗಳನ್ನು ಜೋಡಿಸುವ ಡಾಕ್ಟರ್ ಮಾರಿಯೋ ಥರದ್ದು ನಡೆಯುವುದಿಲ್ಲ, ಯಾವುದು ಕೆಂಪು ಯಾವುದು ನೀಲಿ ಎಂದೇ ತಿಳಿಯುವುದಿಲ್ಲ. ಗನ್ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ, ಗನ್ನಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಅದನ್ನು ಕಂಡರೆ ಗುರಿ ತಗುಲಿದಂತೆ. ಟ್ಯೂಬ್ ಇರುವ ಹಳೆಯ ಟಿವಿಗೆಂದು ಮಾಡಿದ ಉಪಾಯ ಅದು. ದೊಡ್ಡವನಾದ ಮಂಜ ಬೆಂಗಳೂರಿನ ಫ್ಲ್ಯಾಟಿನ ಎಲ್‌ಇಡಿ ಟಿವಿಗೆ ಅದೇ ಗನ್ ಹಿಡಿದು ಬಾತುಕೋಳಿ ಹೊಡೆಯುವ ಮುಕ್ತಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ತಗುಲುವುದಿಲ್ಲ.

ಕರೆಂಟಿನ ವಿಷಯ ಒಂದೇ ಸಾಲಿನಲ್ಲಿ ಬರಲಿ. ಈ ಕ್ಯಾಸೆಟ್‌ಗಳಲ್ಲಿ ಆಟ ಎಲ್ಲಿಗೆ ಬಂತೆಂದು ಉಳಿಸಿಡಲು ಆಗುತ್ತಿರಲಿಲ್ಲ, ಕರೆಂಟ್ ಹೋದರೆ ಮೊದಲಿನಿಂದ.

ಎಂಟನೇ ಹೆಜ್ಜೆ: ಮುಕ್ತಾಯ ಎಲ್ಲಿಂದ ತರುವುದು

ಹೊರಗಿನಿಂದ ತರಬೇಡಿ. ವರ್ಷವಿಡೀ ಎಣಿಸಿದ ಹುಡುಗ ಯಂತ್ರ ಕೈಗೆ ಬಂದಾಗಲೂ ಎಣಿಸುತ್ತಾನೆ, ಅವನ ಸ್ವಭಾವವೇ ಅದು. ಎಣಿಸಲು ಏನಿದೆ? ಕ್ಯಾಸೆಟ್ಟಿನ ಮೇಲಿನ ಅಂಕಿ. ಆಗಿನ ಕ್ಯಾಸೆಟ್ಟುಗಳ ಮೇಲೆ, ಪರದೆಯ ಮೇಲೆ, 9999 in 1 ಎಂಬಂಥ ಹೆಸರು ಇರುತ್ತಿತ್ತು. ಒಳಗೆ ನಿಜವಾಗಿ ಇರುತ್ತಿದ್ದದ್ದು ಕೆಲವೇ ಆಟ. ಅವನ್ನೇ ಹೆಸರು ಬದಲಿಸಿ, ಎರಡನೇ ಹಂತದಿಂದ ಶುರುವಾಗುವಂತೆಯೋ ಹೆಚ್ಚು ಜೀವ ಸಿಗುವಂತೆಯೋ ಮಾಡಿ ಪಟ್ಟಿಯಲ್ಲಿ ಮತ್ತೆ ಮತ್ತೆ ಸೇರಿಸಿರುತ್ತಿದ್ದರು. ನಮ್ಮ ಕಥೆಗೆ 12 ಎಂದಿಡಿ.

ಗಿರೀಶ ಇಷ್ಟು ದಿನ ಆಡಿದ್ದಾನೆ, ಗಮನಿಸಿಲ್ಲ. ಅವನು ಸಿಕ್ಕಿದ್ದನ್ನು ಆಡುತ್ತಾನೆ. ಮಂಜ ಮೊದಲ ಸಂಜೆಯೇ ಪಟ್ಟಿಯ ಒಂದನೇ ನಂಬರಿನಿಂದ ಕ್ರಮವಾಗಿ ತೆರೆಯುತ್ತ ನೋಟ್‌ಬುಕ್ಕಿನ ಆ ಕೊನೆಯ ಹಾಳೆಯಲ್ಲಿ ಬರೆಯುತ್ತಾನೆ. ಹದಿಮೂರನೆಯದು ಒಂದನೆಯದೇ, ಮೋಡದ ಬಣ್ಣ ಬೇರೆ ಇರಬಹುದು, ಅವನ ಟಿವಿಯಲ್ಲಿ ಅದೂ ಕಾಣುವುದಿಲ್ಲ. ಹದಿನಾಲ್ಕು ಎರಡನೆಯದು.

ಇಲ್ಲಿ ಅವನನ್ನು ಅಳಿಸುವ ಆಸೆ ಬರುತ್ತದೆ, ಮೋಸಹೋದ ಮುಗ್ಧ ಎಂದು. ಅದಕ್ಕಿಂತ ಅವನು ಏನು ಮಾಡುತ್ತಾನೆ ಎಂದು ಹಾಳೆಯನ್ನೇ ಕೇಳಿ. ಗೇಮ್ ಅಂಗಡಿಯಲ್ಲಿ ಅರ್ಧ ಗಂಟೆಗೆ 3 ರೂಪಾಯಿ. ತನ್ನ ಪಾಲು 325. ಭಾಗಿಸಿದರೆ 108 ಅರ್ಧ ಗಂಟೆ, ಮೇಲೆ ಒಂದು ರೂಪಾಯಿ. ಅಷ್ಟು ಆಡಿದರೆ ದುಡ್ಡು ವಸೂಲಿ. ಅವನು ಹಾಳೆಯಲ್ಲಿ ಗೆರೆ ಎಳೆದು, ಗೋಡೆ ಗಡಿಯಾರ ನೋಡಿ, ಮೊದಲ ಅರ್ಧ ಗಂಟೆಗೆ ಒಂದು ಕಡ್ಡಿ ಹಾಕುತ್ತಾನೆ. ಕಥೆ ನಿಲ್ಲಿಸಲು ಇದು ಸಾಕು. 108 ಬಂದದ್ದು ಲೆಕ್ಕದಿಂದ. ಅದನ್ನು ಕಂಡು ಅಜ್ಜಿಯಿಂದ ಅಷ್ಟೋತ್ತರದ ಮಾತಾಡಿಸುವ ಮೋಹ ಬಂದರೆ ಪೆನ್ನು ಕೆಳಗಿಟ್ಟು ಒಂದು ಲೋಟ ಕಾಫಿ ಕುಡಿದು ಬನ್ನಿ.

ಹಂಚಿಕೆ ಮತ್ತು ತಪಾಸಣೆ

1,800 ಪದಗಳನ್ನು ಹೀಗೆ ಹಂಚಬಹುದು: ಶೆಟ್ಟರ ಅಂಗಡಿ 250, ಗೇಮ್ ಅಂಗಡಿ 200, ಅಟ್ಟ ಮತ್ತು ವರ್ಷ ಸರಿಯುವುದು 200, ಕರಟ ಮತ್ತು ಹುಂಡಿ ಒಡೆಯುವುದು 300, ಗಿರೀಶ 200, ಸ್ಕ್ರೂ ಮತ್ತು ರಿಪೇರಿ ಅಂಗಡಿ 250, ಟ್ಯೂನಿಂಗ್ 250, ಎಣಿಕೆ 150. ಕೊನೆಯದೇ ಚಿಕ್ಕದು, ಹಾಗೇ ಇರಲಿ.

ಕಾಲದ ತಪ್ಪುಗಳು ನುಸುಳುವುದು ಚಿಕ್ಕ ವಸ್ತುಗಳಲ್ಲಿ. ಬೆಲೆಚೀಟಿಯ ಮೇಲೆ ₹ ಗುರುತು ಬರೆದರೆ ತಪ್ಪು, ಅದು ಬಂದದ್ದು 2010ರಲ್ಲಿ, ಅದಕ್ಕೆ ಮೊದಲು "ರೂ." ಮಾತ್ರ. ಹುಂಡಿಯಿಂದ ಹತ್ತು ರೂಪಾಯಿಯ ನಾಣ್ಯ ಉರುಳಿದರೂ ತಪ್ಪು, ಆಗ ಹತ್ತು ಎಂದರೆ ನೋಟು.

ಇನ್ನು ದರ ಬದಲಿಸುವುದಾದರೆ ಒಂದನ್ನೇ ಬದಲಿಸಿ ಬಿಡಬೇಡಿ. ನಿಮ್ಮ ಊರಿನಲ್ಲಿ ಟಿವಿ ಗೇಮ್‌ಗೆ 800 ಇತ್ತು ಎಂದು ಗೊತ್ತಾಯಿತೆನ್ನಿ. ಅರ್ಧ 400, ಮಂಜನ ಬಳಿ 402 ಇರಬೇಕು, ಇನ್ನೂ 75 ಬೇಕು, ಅಂದರೆ ಐದು ಚೀಲ ಕರಟ ಹೆಚ್ಚು. ಆಗ ಒಟ್ಟು ಚೀಲ ಹದಿನೇಳು, ಮಾರುವುದು ಹದಿಮೂರು, ಅಮ್ಮನಿಗೆ ಅದೇ ನಾಲ್ಕು. ವಸೂಲಿಗೆ ಬೇಕಾದ ಅರ್ಧ ಗಂಟೆಗಳು 133. ಉಳಿಕೆ ಎರಡು ರೂಪಾಯಿಯಾಗಿಯೇ ಇರುವಂತೆ ನೋಡಿಕೊಳ್ಳಿ. ಅದು ಹತ್ತು ದಾಟಿದರೆ ಆರನೇ ಹೆಜ್ಜೆ ಪೂರ್ತಿ ಬಿದ್ದುಹೋಗುತ್ತದೆ.